ಕಾಸು ಕೈಬಿಡದೆಯೂ ಆಗುವ ಖರ್ಚು

ಬೆಂಗಳೂರಿನ ಐಟಿ ವಲಯದಲ್ಲಿ ಇಸಾಪ್ ಹೊಸ ಮಾತಲ್ಲ. 'ಮೂರು ವರ್ಷ ನಮ್ಮಲ್ಲಿದ್ದರೆ ಕಂಪನಿಯ ಸಾವಿರ ಷೇರುಗಳನ್ನು ಇವತ್ತಿನ ಬೆಲೆಗೇ ಕೊಳ್ಳಬಹುದು' ಎಂದು ನೌಕರನಿಗೆ ಪತ್ರ ಕೊಡುತ್ತಾರೆ. ಈ ಹಕ್ಕನ್ನು ಕೊಟ್ಟ ಕಂಪನಿಯ ಗಲ್ಲಾಪೆಟ್ಟಿಗೆಯಿಂದ ಒಂದು ರೂಪಾಯಿಯೂ ಹೋಗುವುದಿಲ್ಲ. ಆದರೂ ಅದರ ಲಾಭ-ನಷ್ಟ ಪಟ್ಟಿಯಲ್ಲಿ ಕೆಲವೊಮ್ಮೆ ಕೋಟಿಗಟ್ಟಲೆ ಖರ್ಚು ಕಾಣುತ್ತದೆ. ಆ ಖರ್ಚು ಎಲ್ಲಿಂದ ಬಂತು?

ಬಹುಕಾಲ ಅದನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಷೇರಿನ ಬೆಲೆ 200 ರೂಪಾಯಿ, ನೌಕರ ಕೊಡಬೇಕಾದದ್ದೂ 200, ವ್ಯತ್ಯಾಸ ಸೊನ್ನೆ, ಆದ್ದರಿಂದ ಖರ್ಚೂ ಸೊನ್ನೆ ಎಂಬುದು ಹಳೆಯ ವಾದ. 1990ರ ದಶಕದಲ್ಲಿ ಅಮೆರಿಕದ ಲೆಕ್ಕಪತ್ರ ಮಂಡಳಿ ಇದನ್ನು ಬದಲಿಸಲು ಹೊರಟಾಗ ಕಂಪನಿಗಳು ಎಷ್ಟು ಗಟ್ಟಿಯಾಗಿ ವಿರೋಧಿಸಿದವೆಂದರೆ ಮಂಡಳಿ ಹಿಂದೆ ಸರಿಯಬೇಕಾಯಿತು. 2004ರಲ್ಲಿ ಐಎಫ್‌ಆರ್‌ಎಸ್ 2 ಎಂಬ ಅಂತರರಾಷ್ಟ್ರೀಯ ನಿಯಮ ಬಂತು, ಅದೇ ವರ್ಷ ಅಮೆರಿಕವೂ ದಾರಿ ಬದಲಿಸಿತು. ನಮ್ಮಲ್ಲಿ ಅದರ ರೂಪ ಇಂಡ್ ಎಎಸ್ 102.

ಹಳೆಯ ವಾದ ಎಡವಿದ್ದು ಒಂದೇ ಕಡೆ. ಷೇರು ಏರಿದರೆ ನೌಕರನಿಗೆ ಲಾಭ, ಇಳಿದರೆ ಅವನು ಕೊಳ್ಳದೆ ಸುಮ್ಮನಿರಬಹುದು. ಇಂಥ ಹಕ್ಕು ಪುಕ್ಕಟೆ ಸಿಗುವುದಿಲ್ಲ. ಪೇಟೆಯಲ್ಲಿ ಅದಕ್ಕೆ ಬೆಲೆಯಿದೆ, ಆ ಬೆಲೆಯನ್ನು ನೌಕರ ತನ್ನ ದುಡಿಮೆಯಿಂದ ತೆರುತ್ತಾನೆ. ಬೆಲೆ ಕಟ್ಟಲು ಸಾಮಾನ್ಯವಾಗಿ ಬಳಸುವುದು ಬ್ಲ್ಯಾಕ್-ಷೋಲ್ಸ್ ಸೂತ್ರ. ಮೇಲಿನ 200 ರೂಪಾಯಿಯ ಷೇರನ್ನೇ ತೆಗೆದುಕೊಳ್ಳಿ. ನೌಕರರು ಸರಾಸರಿ ನಾಲ್ಕೂವರೆ ವರ್ಷಕ್ಕೆ ಹಕ್ಕು ಚಲಾಯಿಸುತ್ತಾರೆ, ಷೇರಿನ ವಾರ್ಷಿಕ ಏರಿಳಿತ ಶೇ. 42, ಸರ್ಕಾರಿ ಬಾಂಡಿನ ಬಡ್ಡಿ ಶೇ. 7, ಡಿವಿಡೆಂಡ್ ಇಲ್ಲ ಎಂದುಕೊಂಡರೆ ಒಂದು ಆಪ್ಷನ್ನಿನ ಬೆಲೆ ಸುಮಾರು 90 ರೂಪಾಯಿ. ಏರಿಳಿತವನ್ನು ಶೇ. 30 ಎಂದು ಹಿಡಿದರೆ ಅದೇ ಆಪ್ಷನ್ 75ಕ್ಕೆ ಇಳಿಯುತ್ತದೆ. ಖರ್ಚು ಕಡಿಮೆ ತೋರಿಸುವ ಆಸೆಯಿದ್ದವರು ಮೊದಲು ಕೈಯಿಡುವುದು ಈ ಅಂಕಿಗೇ. ವಾರ್ಷಿಕ ವರದಿಯ ಟಿಪ್ಪಣಿಗಳಲ್ಲಿ ನಾನು ಮೊದಲು ಹುಡುಕುವುದೂ ಅದನ್ನೇ.

ಈ 90 ರೂಪಾಯಿ ಗ್ರಾಂಟ್ ದಿನದ ಬೆಲೆ. ಕಂಪನಿ ಮತ್ತು ನೌಕರ ಇಬ್ಬರೂ ಷರತ್ತುಗಳನ್ನು ಒಪ್ಪಿದ ದಿನವದು. ಷೇರುದಾರರ ಒಪ್ಪಿಗೆ ಬಾಕಿಯಿದ್ದರೆ, ಪತ್ರ ಕೈಸೇರಿದ್ದರೂ ಒಪ್ಪಿಗೆ ಸಿಕ್ಕ ದಿನವೇ ಲೆಕ್ಕಕ್ಕೆ. ಅಂದು ಕಟ್ಟಿದ ಬೆಲೆಯನ್ನು ಷೇರು ಎಲ್ಲಿಗೆ ಹೋದರೂ ಮತ್ತೆ ಮುಟ್ಟುವಂತಿಲ್ಲ. ವರ್ಷವರ್ಷವೂ ಬದಲಾಗುವುದು ಜನರ ಲೆಕ್ಕ ಮಾತ್ರ.

100 ನೌಕರರಿಗೆ ತಲಾ 1,000 ಆಪ್ಷನ್, ಮೂರು ವರ್ಷ ಇರಲೇಬೇಕೆಂಬ ಷರತ್ತು. ಮೊದಲ ವರ್ಷದ ಕೊನೆಗೆ 80 ಜನ ಕೊನೆಯವರೆಗೂ ಉಳಿಯಬಹುದೆಂಬ ಅಂದಾಜು. 80 ಸಾವಿರ ಆಪ್ಷನ್‌ಗೆ 90ರಂತೆ ಒಟ್ಟು 72 ಲಕ್ಷ. ಮೂರರಲ್ಲಿ ಒಂದು ಪಾಲು, 24 ಲಕ್ಷ, ಆ ವರ್ಷದ ಖರ್ಚು. ಎರಡನೇ ವರ್ಷ ಅಂದಾಜು 85ಕ್ಕೆ ಏರಿತು. ಒಟ್ಟು 76.5 ಲಕ್ಷ, ಅದರ ಮೂರರಲ್ಲೆರಡು ಪಾಲು 51 ಲಕ್ಷ. ಹಿಂದೆ ಬರೆದ 24 ಕಳೆದರೆ ಈ ವರ್ಷಕ್ಕೆ 27 ಲಕ್ಷ. ಕೊನೆಗೆ ಉಳಿದವರು 82. ಒಟ್ಟು 73.8 ಲಕ್ಷ, ಮೂರನೇ ವರ್ಷಕ್ಕೆ 22.8 ಲಕ್ಷ. ಪ್ರತಿ ಸಲವೂ ಖರ್ಚಿನಷ್ಟೇ ಮೊತ್ತ ಷೇರುದಾರರ ಬಂಡವಾಳದೊಳಗಿನ ಆಪ್ಷನ್ ಖಾತೆಗೆ ಜಮೆಯಾಗುವುದರಿಂದ ನಗದು ಅಲುಗುವುದಿಲ್ಲ.

ಅಷ್ಟರಲ್ಲಿ ಷೇರು 120ಕ್ಕೆ ಕುಸಿದಿದೆ ಎನ್ನಿ. ಪೇಟೆಯಲ್ಲಿ 120ಕ್ಕೆ ಸಿಗುವುದನ್ನು 200 ಕೊಟ್ಟು ಯಾರೂ ಕೊಳ್ಳುವುದಿಲ್ಲ. ಹಾಗಾದರೆ 73.8 ಲಕ್ಷ ವಾಪಸ್ ಬರಬೇಡವೇ ಎಂದು ನೌಕರರೂ ಷೇರುದಾರರೂ ಕೇಳುತ್ತಾರೆ. ಬರುವುದಿಲ್ಲ. ಮೂರು ವರ್ಷದ ದುಡಿಮೆ ಕಂಪನಿಗೆ ಸಂದಾಗಿದೆ; ಹಕ್ಕು ಆಮೇಲೆ ನಿಷ್ಪ್ರಯೋಜಕವಾದದ್ದು ನೌಕರನ ದುರದೃಷ್ಟ. ಆದರೆ ಷರತ್ತು ಮುಗಿಯುವ ಮೊದಲೇ ಕೆಲಸ ಬಿಟ್ಟವನ ಖರ್ಚು ಮಾತ್ರ ಹಿಂದಕ್ಕೆ ಬರುತ್ತದೆ.

ನಿಜವಾದ ಗೊಂದಲ ಹುಟ್ಟುವುದು ಸ್ಟಾರ್ಟಪ್‌ಗಳಲ್ಲಿ ಕಾಣುವ ಕಂತಿನ ಯೋಜನೆಯಲ್ಲಿ: ನಾಲ್ಕು ವರ್ಷ, ವರ್ಷಕ್ಕೆ ಕಾಲುಭಾಗ. ಒಟ್ಟು 80 ಲಕ್ಷವಾದರೆ ವರ್ಷಕ್ಕೆ 20 ಲಕ್ಷವೆಂದು ಸಮನಾಗಿ ಹಂಚಿಬಿಡುತ್ತಾರೆ. ಇಂಡ್ ಎಎಸ್‌ನಲ್ಲಿ ಅದು ತಪ್ಪು. ಪ್ರತಿ ಕಂತೂ ಬೇರೆಯೇ ಗ್ರಾಂಟ್. ಎಲ್ಲ ಕಂತುಗಳ ಬೆಲೆ ಒಂದೇ, ಯಾರೂ ಬಿಡಲಿಲ್ಲ ಎಂದುಕೊಳ್ಳೋಣ. ಮೊದಲ ಕಂತಿನ 20 ಲಕ್ಷವೂ ಮೊದಲ ವರ್ಷದ್ದೇ. ಎರಡನೆಯದರ ಅರ್ಧ, ಮೂರನೆಯದರ ಮೂರನೇ ಒಂದು, ನಾಲ್ಕನೆಯದರ ಕಾಲು ಕೂಡ ಆ ವರ್ಷಕ್ಕೇ ಸೇರುತ್ತವೆ. ಒಟ್ಟು ಸುಮಾರು 41.67 ಲಕ್ಷ, ಅರ್ಧಕ್ಕಿಂತ ಹೆಚ್ಚು. ನಾಲ್ಕನೇ ವರ್ಷಕ್ಕೆ ಉಳಿಯುವುದು 5 ಲಕ್ಷವಷ್ಟೇ. ಹೊಸ ಗ್ರಾಂಟ್ ಕೊಟ್ಟ ವರ್ಷ ಕಂಪನಿಯ ಲಾಭ ದಿಢೀರನೆ ಕುಗ್ಗಿ ಮುಂದೆ ತಾನಾಗಿ ಚೇತರಿಸಿಕೊಂಡಂತೆ ಕಂಡರೆ, ವ್ಯಾಪಾರದ ಏರಿಳಿತಕ್ಕಿಂತ ಮೊದಲು ಈ ಕಂತುಗಳನ್ನು ನೋಡಬೇಕು.