ಛಾಯಾಚಿತ್ರದ ಕೋಷ್ಟಕದಲ್ಲಿ VIF ಅಂಕಣವನ್ನು ಓದುವ ಬಗೆ

ಜೇಮ್ಸ್ ಲಾಂಗ್ಲೀ 1967ರಲ್ಲಿ ಪ್ರಕಟಿಸಿದ ದತ್ತಾಂಶವು ಅಮೆರಿಕದ 1947ರಿಂದ 1962ರವರೆಗಿನ ಹದಿನಾರು ವರ್ಷಗಳ ಉದ್ಯೋಗಕ್ಕೆ ಸಂಬಂಧಿಸಿದ್ದು. ಉದ್ಯೋಗಸ್ಥರ ಸಂಖ್ಯೆಯನ್ನು ಬೆಲೆ ಸೂಚ್ಯಂಕ, ರಾಷ್ಟ್ರೀಯ ಉತ್ಪನ್ನ, ನಿರುದ್ಯೋಗ, ಸೇನಾಬಲ, ಜನಸಂಖ್ಯೆ, ವರ್ಷ ಎಂಬ ಆರು ಚಲಕಗಳಿಂದ ವಿವರಿಸುವ ರಿಗ್ರೆಶನ್ ಅದರಲ್ಲಿದೆ. ಇದರ ಫಲಿತಾಂಶದ ಕೋಷ್ಟಕವು ಮೊಬೈಲಿನಲ್ಲಿ ತೆಗೆದ ಛಾಯಾಚಿತ್ರವಾಗಿ ಮಾತ್ರ ಕೈಗೆ ಸಿಕ್ಕಿತೆಂದು ಭಾವಿಸೋಣ.

ಮೊದಲು ಕಣ್ಣಿಗೆ ಬೀಳುವುದು ಒಂದು ವೈಚಿತ್ರ್ಯ. R² 0.995ರಷ್ಟಿದೆ, ಆದರೂ ರಾಷ್ಟ್ರೀಯ ಉತ್ಪನ್ನದ ಸಹಗುಣಕ −0.036. ಉತ್ಪನ್ನ ಹೆಚ್ಚಿದಷ್ಟೂ ಉದ್ಯೋಗ ಕುಗ್ಗುತ್ತದೆ ಎಂಬ ಈ ಮಾತನ್ನು ನಂಬುವುದು ಕಷ್ಟ. ಕಾರಣವು ಬಲತುದಿಯ VIF ಅಂಕಣದಲ್ಲಿದೆ: ಅಲ್ಲಿ ಈ ಚಲಕದ ಎದುರು 1788.5 ಎಂದಿದೆ.

ಒಂದು ಚಲಕವನ್ನು ಉಳಿದ ಚಲಕಗಳಿಂದಲೇ ಅಂದಾಜು ಮಾಡಿದಾಗ ದೊರೆಯುವ R²ವನ್ನು 1ರಿಂದ ಕಳೆದರೆ Tolerance ಬರುತ್ತದೆ; ಅದರ ವ್ಯುತ್ಕ್ರಮವೇ VIF. 1788.5ರ ವರ್ಗಮೂಲ ಸುಮಾರು 42. ಅಂದರೆ, ಉಳಿದ ಚಲಕಗಳೊಡನೆ ಯಾವ ನಂಟೂ ಇಲ್ಲದಿದ್ದರೆ ಇರುತ್ತಿದ್ದುದಕ್ಕಿಂತ ಪ್ರಮಾಣಿತ ದೋಷವು 42 ಪಟ್ಟು ಹಿಗ್ಗಿದೆ. ಉತ್ಪನ್ನ, ಜನಸಂಖ್ಯೆ, ಬೆಲೆ ಇವೆಲ್ಲ ವರ್ಷದೊಡನೆಯೇ ಏರಿದ್ದರಿಂದ ಯಾವುದರ ಪ್ರಭಾವ ಎಷ್ಟೆಂದು ಬಿಡಿಸುವುದು ಸಾಧ್ಯವಾಗಿಲ್ಲ. ಸೇನಾಬಲದ VIF ಮಾತ್ರ 3.589.

ಆದರೆ ಚಿತ್ರದಲ್ಲಿ ದಶಮಾಂಶದ ಚುಕ್ಕೆ ಮಾಸಿ 3589 ಎಂದು ಕಂಡರೆ? ಪಕ್ಕದ Tolerance ಅಂಕಣವೇ ಇದಕ್ಕೆ ಒರೆಗಲ್ಲು. SPSS ಸೊನ್ನೆಯನ್ನು ಬಿಟ್ಟು .279 ಎಂದು ಮುದ್ರಿಸುತ್ತದೆ. ಅಲ್ಲಿಯೂ ಚುಕ್ಕೆ ಅಳಿಸಿರಬಹುದು, ಆದರೆ Tolerance 1ನ್ನು ಮೀರಲಾರದೆಂಬುದು ಗೊತ್ತಿರುವುದೇ. 3.589ನ್ನು 0.279ರಿಂದ ಗುಣಿಸಿದರೆ 1ರ ಸಮೀಪಕ್ಕೆ ಬರುತ್ತದೆ, 3589 ಬಾರದು. ದೊಡ್ಡ VIFಗಳಲ್ಲಿ ಈ ತಾಳೆ ಸಡಿಲವಾಗುತ್ತದೆ: .001 ಎಂಬುದು ಮೂರು ಸ್ಥಾನಕ್ಕೆ ದುಂಡಾದ ಅಂಕಿ, ಆದ್ದರಿಂದ VIF ಸುಮಾರು 667ರಿಂದ 2000ದ ನಡುವೆ ಎಲ್ಲಿಯೂ ಇರಬಹುದು. ಆದರೂ 1788.5 ಆ ಮಿತಿಯೊಳಗಿದೆ, 178.85 ಇಲ್ಲ.

ಇದಕ್ಕಿಂತ ಮೋಸದ ತಪ್ಪು ಸಾಲಿನದು. ಸ್ಥಿರಾಂಕದ ಸಾಲಿನಲ್ಲಿ ಈ ಎರಡೂ ಅಂಕಣಗಳು ಖಾಲಿ. ಓರೆಯಾಗಿ ತೆಗೆದ ಚಿತ್ರದಿಂದ ನಕಲಿಸುವಾಗ ಅಂಕಿಗಳೆಲ್ಲ ಒಂದು ಸಾಲು ಮೇಲೇರಿದರೆ ಗುಣಲಬ್ಧವು 1 ಆಗಿಯೇ ಉಳಿಯುತ್ತದೆ, ಸೇನಾಬಲದ 3.589 ಮಾತ್ರ ನಿರುದ್ಯೋಗದ ಪಾಲಾಗುತ್ತದೆ. ಆದ್ದರಿಂದ ಕೆಳಗಿನ ಸಾಲಿನಿಂದ ಓದಲಾರಂಭಿಸುವುದು ಕ್ಷೇಮ.

ಹತ್ತನ್ನು ಮೀರಿದ VIF ಅಪಾಯದ ಗುರುತೆಂಬುದು ರೂಢಿಯಷ್ಟೇ. ಇದೇ ಕೋಷ್ಟಕದಲ್ಲಿ ವರ್ಷದ VIF 759. ಆದರೂ ಅದರ t ಮೌಲ್ಯ 4.02. ಹೆಚ್ಚಿನ VIF ಕಂಡೊಡನೆ ಚಲಕವನ್ನು ಕೈಬಿಡುವುದು ಆತುರವಾದೀತು. ಯಾವ ಚಲಕ ಯಾವುದರೊಡನೆ ಹೆಣೆದುಕೊಂಡಿದೆ ಎಂಬುದನ್ನು ಈ ಅಂಕಣವು ಹೇಳುವುದೇ ಇಲ್ಲ.