ದಿರ್ಹಮ್ ಸಂಬಳ, ರೂಪಾಯಿ ಪಾಸ್‌ಬುಕ್

ಹುಡುಗನಿಗೆ ದುಬೈನಲ್ಲಿ ತಿಂಗಳಿಗೆ ಐದು ಸಾವಿರ ದಿರ್ಹಮ್ ಸಂಬಳ ಎಂದರೆ ಸಾಕು, ಕುಂದಾಪುರದ ಮನೆಯಲ್ಲಿ ಯಾರಾದರೊಬ್ಬರು ಮೊಬೈಲ್ ತೆಗೆದು ಗುಣಿಸಿಬಿಡುತ್ತಾರೆ. ಅವತ್ತು ಗೂಗಲ್ ಒಂದು ದಿರ್ಹಮಿಗೆ 24 ರೂಪಾಯಿ 15 ಪೈಸೆ ಎಂದು ತೋರಿಸುತ್ತಿದ್ದರೆ ತಿಂಗಳಿಗೆ 1,20,750, ನಾಲ್ಕು ತಿಂಗಳಿಗೆ 4,83,000 ರೂಪಾಯಿ. ಅಮ್ಮನ ಪಾಸ್‌ಬುಕ್ ಕೂಡಿದರೆ ಮಾತ್ರ 2,84,160. "ಉಳಿದ ಎರಡು ಲಕ್ಷ ಎಲ್ಲಿ ಹೋಯಿತು ಮಾರಾಯ?" ಎಂದು ಭಾವ ಕೇಳುತ್ತಾರೆ. "ರೇಟು ಮೇಲೆ ಕೆಳಗೆ ಆಯಿತಲ್ಲ ಭಾವ" ಎಂದು ಹುಡುಗ ಫೋನಿನಲ್ಲಿ ಹೇಳಿ ಮಾತು ಮುಗಿಸುತ್ತಾನೆ.

ಗಲ್ಫ್ ದುಡ್ಡಿನ ಮನೆಗಳಲ್ಲಿ ಈ ಮಾತುಕತೆ ಹೊಸತಲ್ಲ. ಮನೆ ಕಟ್ಟಿಸುವಾಗ, ತಂಗಿಯ ಮದುವೆಗೆ ಹಣ ಹೊಂದಿಸುವಾಗ ಅದು ಮುನಿಸಿಗೂ ತಿರುಗುತ್ತದೆ. ಆದರೆ ಹುಡುಗ ಕೊಟ್ಟ ಉತ್ತರ ಎಷ್ಟು ನಿಜ? ಮೇಲಿನ ಅಂಕಿಗಳು ಉದಾಹರಣೆಗೆ ಇಟ್ಟುಕೊಂಡವು. ಅವನ್ನೇ ಬಿಡಿಸಿ ನೋಡೋಣ.

ಮೊದಲು ರೇಟಿನ ವಿಷಯ. ಯುಎಇ ದಿರ್ಹಮ್ ತಾನಾಗಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. 1997ರಿಂದ ಅದನ್ನು ಅಮೆರಿಕದ ಡಾಲರಿಗೆ ಕಟ್ಟಿಹಾಕಲಾಗಿದೆ: ಒಂದು ಡಾಲರಿಗೆ 3.6725 ದಿರ್ಹಮ್. ಸೌದಿ ರಿಯಾಲ್‌ ಕೂಡ ಹೀಗೆಯೇ, ಡಾಲರಿಗೆ 3.75. ಆದ್ದರಿಂದ ದಿರ್ಹಮ್ ಏರಿತು ಎಂದು ನಾವು ಹೇಳುವಾಗಲೆಲ್ಲ ನಿಜಕ್ಕೂ ಆಗಿರುವುದು ಡಾಲರಿನ ಎದುರು ರೂಪಾಯಿ ಇಳಿದದ್ದು. ಇದರಿಂದ ಒಂದು ಅನುಕೂಲವೂ ಇದೆ. ಯಾವುದೇ ಹಳೆಯ ದಿನದ ಡಾಲರ್ ದರ ಸಿಕ್ಕರೆ ಅದನ್ನು 3.6725ರಿಂದ ಭಾಗಿಸಿದರಾಯಿತು, ಆ ದಿನದ ದಿರ್ಹಮ್ ದರ ಕೈಗೆ ಬರುತ್ತದೆ. ಡಾಲರಿಗೆ 88 ರೂಪಾಯಿ ಇದ್ದ ದಿನ ದಿರ್ಹಮಿಗೆ 23.96. ಭಾರತದಲ್ಲಿ ಎಫ್‌ಬಿಐಎಲ್ ಎಂಬ ಸಂಸ್ಥೆ ಪ್ರತಿ ಕೆಲಸದ ದಿನವೂ ಮಧ್ಯಾಹ್ನ ಡಾಲರಿನ ಉಲ್ಲೇಖ ದರ ಪ್ರಕಟಿಸುತ್ತದೆ. ಹಳೆಯ ಲೆಕ್ಕ ತೆಗೆಯುವವರು ಅದನ್ನಾದರೂ ಹಿಡಿಯಬಹುದು, ಗೂಗಲ್ ದರವನ್ನಾದರೂ ಹಿಡಿಯಬಹುದು. ಒಂದು ತಿಂಗಳು ಅದು, ಇನ್ನೊಂದು ತಿಂಗಳು ಇದು ಎಂದು ಬದಲಾಯಿಸಬಾರದು, ಅಷ್ಟೆ.

ಗೂಗಲ್ ದರ ಬ್ಯಾಂಕುಗಳು ತಮ್ಮತಮ್ಮಲ್ಲಿ ಕೊಳ್ಳುವ ಮತ್ತು ಮಾರುವ ಬೆಲೆಗಳ ನಡುವಿನದು. ಕೌಂಟರಿನಲ್ಲಿ ಸಾಮಾನ್ಯವಾಗಿ ಆ ದರ ಸಿಗುವುದಿಲ್ಲ. ಎಕ್ಸ್‌ಚೇಂಜಿನವರು ಕೆಲವು ಪೈಸೆ ಕಡಿಮೆ ಕೊಟ್ಟು ಆ ಅಂತರವನ್ನು ತಮ್ಮ ಲಾಭವಾಗಿ ಇಟ್ಟುಕೊಳ್ಳುತ್ತಾರೆ. ಅದರ ಮೇಲೆ ಕಳಿಸುವ ಶುಲ್ಕ ಬೇರೆ, ಶುಲ್ಕದ ಮೇಲೆ ಅಲ್ಲಿಯ ಶೇ. 5ರ ವ್ಯಾಟ್ ಬೇರೆ. ಶುಲ್ಕವನ್ನು ರಸೀದಿಯಲ್ಲಿ ಬರೆದು ತೋರಿಸುತ್ತಾರೆ. ರೇಟಿನಲ್ಲಿ ಮುರಿದುಕೊಂಡದ್ದನ್ನು ಬರೆಯುವುದಿಲ್ಲ, ಅದನ್ನು ನಾವೇ ಹುಡುಕಿಕೊಳ್ಳಬೇಕು. "ಶುಲ್ಕವೇ ಇಲ್ಲ" ಎಂಬ ಜಾಹೀರಾತು ಕಂಡರೆ ನನ್ನ ಕಣ್ಣು ಮೊದಲು ಹೋಗುವುದು ರೇಟಿನ ಕಡೆಗೆ.

ಈಗ ಹುಡುಗನ ರಸೀದಿಗಳು. ಜನವರಿಯಲ್ಲಿ ಅವನು ಕಳಿಸಿದ್ದು 3,000 ದಿರ್ಹಮ್. ಆ ದಿನ ಗೂಗಲ್ ದರ 23.30, ಕೌಂಟರಿನಲ್ಲಿ ಸಿಕ್ಕಿದ್ದು 23.20. ಊರಿಗೆ ಬಂದದ್ದು 69,600 ರೂಪಾಯಿ. ಫೆಬ್ರವರಿಯಲ್ಲಿ ಮತ್ತೆ 3,000. ಗೂಗಲ್ ದರ 23.52, ಸಿಕ್ಕಿದ್ದು 23.42, ಬಂದದ್ದು 70,260. ಮಾರ್ಚ್‌ನಲ್ಲಿ ರೇಟು ಇನ್ನೂ ಏರಬಹುದೆಂದು ಕಾದ, ಏನೂ ಕಳಿಸಲಿಲ್ಲ. ಏಪ್ರಿಲ್‌ನಲ್ಲಿ ಎರಡೂ ತಿಂಗಳದ್ದು ಸೇರಿಸಿ 6,000 ಕಳಿಸಿದ. ಗೂಗಲ್ ದರ 24.15, ಸಿಕ್ಕಿದ್ದು 24.05, ಬಂದದ್ದು 1,44,300. ಭಾವ ಗುಣಿಸಿ ನೋಡಿದ್ದು ಇದೇ ದಿನ. ಪ್ರತಿ ಸಲವೂ ಶುಲ್ಕ 20 ದಿರ್ಹಮ್, ವ್ಯಾಟ್ 1 ದಿರ್ಹಮ್.

ಭಾವನ ಲೆಕ್ಕ ಎಡವಿದ್ದು ಗುಣಾಕಾರದಲ್ಲಲ್ಲ. ಅವರು ನಾಲ್ಕು ತಿಂಗಳ ಸಂಬಳವನ್ನು ಒಂದೇ ದಿನದ ದರದಲ್ಲಿ ರೂಪಾಯಿ ಮಾಡಿದರು. ಆ 4,83,000 ಯಾವ ದಿನವೂ, ಯಾವ ಖಾತೆಯಲ್ಲೂ ಇರಲಿಲ್ಲ. ಸಂಬಳ ಇರುವುದು ದಿರ್ಹಮಿನಲ್ಲಿ, ಅದು ರೂಪಾಯಿಯಾಗುವುದು ಕಳಿಸಿದ ಕ್ಷಣದಲ್ಲಿ, ಕಳಿಸಿದಷ್ಟು ಮಾತ್ರ. ಹಾಗಾಗಿ ಲೆಕ್ಕವನ್ನು ಮೊದಲು ದಿರ್ಹಮಿನಲ್ಲೇ ಮುಗಿಸಿಕೊಳ್ಳಬೇಕು: ಬಂದ ಸಂಬಳ 20,000, ಕಳಿಸಿದ್ದು 12,000, ಮೂರು ಸಲದ ಶುಲ್ಕ 63, ಅಲ್ಲೇ ಉಳಿದದ್ದು ಇಲ್ಲವೇ ಖರ್ಚಾದದ್ದು 7,937. ಈ ನಾಲ್ಕು ಅಂಕಿಗಳಲ್ಲಿ ರೇಟಿನ ಹೆಸರೇ ಇಲ್ಲ. ಇಲ್ಲಿ ಲೆಕ್ಕ ಕೂಡಿಬರದಿದ್ದರೆ ಮುಂದೆ ರೂಪಾಯಿಯಲ್ಲಿ ಎಷ್ಟು ತಿಣುಕಿದರೂ ಕೂಡಿಬರುವುದಿಲ್ಲ.

ಇದಾದ ಮೇಲೆ ಭಾವನ 24.15ರಲ್ಲೇ ಅಂತರವನ್ನು ಬಿಡಿಸಬಹುದು. ಒಟ್ಟು ಅಂತರ 1,98,840 ರೂಪಾಯಿ. ಅದರಲ್ಲಿ 1,91,679 ರೂಪಾಯಿ ಹುಡುಗನ ಬೆಡ್‌ಸ್ಪೇಸ್ ಬಾಡಿಗೆ, ಊಟ, ಫೋನು, ಅಲ್ಲಿಯ ಉಳಿತಾಯ, ಅಂದರೆ ಕಳಿಸದೇ ಇದ್ದ 7,937 ದಿರ್ಹಮ್. ಶುಲ್ಕ 1,521. ಎಕ್ಸ್‌ಚೇಂಜಿನವರು ರೇಟಿನಲ್ಲಿ ಮುರಿದುಕೊಂಡದ್ದು ದಿರ್ಹಮಿಗೆ ಹತ್ತು ಪೈಸೆಯಂತೆ 12,000 ದಿರ್ಹಮಿಗೆ 1,200. ಕೊನೆಗೆ ಉಳಿದ 4,440 ಮಾತ್ರ ರೇಟು ಏರಿಳಿದದ್ದರ ಬಾಬ್ತು: ಜನವರಿಯ 3,000 ದಿರ್ಹಮ್ 85 ಪೈಸೆ ಕಡಿಮೆಗೆ ಹೋದದ್ದರಿಂದ 2,550, ಫೆಬ್ರವರಿಯದ್ದು 63 ಪೈಸೆ ಕಡಿಮೆಗೆ ಹೋದದ್ದರಿಂದ 1,890. ನಾಲ್ಕನ್ನೂ ಕೂಡಿದರೆ 1,98,840, ಪೈಸೆ ಬಿಟ್ಟು ಸರಿಯಾಗಿ.

ಅಲ್ಲಿಗೆ, "ರೇಟು ಮೇಲೆ ಕೆಳಗೆ ಆಯಿತು" ಎಂಬ ಉತ್ತರ ಎರಡು ಲಕ್ಷದಲ್ಲಿ ನಾಲ್ಕೂವರೆ ಸಾವಿರಕ್ಕಷ್ಟೇ ಸಲ್ಲುತ್ತದೆ. ಆ ನಾಲ್ಕೂವರೆ ಸಾವಿರವನ್ನೂ ಯಾರೂ ಕಳೆದುಕೊಂಡಿಲ್ಲ. ಜನವರಿಯಲ್ಲಿ ಕಳಿಸಿದವನಿಗೆ ಏಪ್ರಿಲ್ ರೇಟು ಗೊತ್ತಿರಲು ಸಾಧ್ಯವೇ ಇರಲಿಲ್ಲ. ನಿಜಕ್ಕೂ ಕೈಬಿಟ್ಟು ಹೋದದ್ದು ಶುಲ್ಕ ಮತ್ತು ರೇಟಿನ ಮುರಿತ, ಎರಡೂ ಸೇರಿ 2,721 ರೂಪಾಯಿ. ಮನೆಯವರು ಚರ್ಚೆ ಮಾಡುವುದಿದ್ದರೆ ಇದರ ಮೇಲೆ ಮಾಡಬೇಕು, ಯಾಕೆಂದರೆ ಬೇರೆ ಎಕ್ಸ್‌ಚೇಂಜ್ ವಿಚಾರಿಸಿದರೆ ಕಡಿಮೆಯಾಗುವ ಬಾಬ್ತು ಇದೊಂದೇ.

ಸರಾಸರಿ ದರ ತೆಗೆಯುವಲ್ಲಿ ಲೆಕ್ಕ ಗೊತ್ತಿದ್ದವರೂ ಜಾರುತ್ತಾರೆ. 23.20, 23.42, 24.05 ಈ ಮೂರನ್ನೂ ಕೂಡಿ ಮೂರರಿಂದ ಭಾಗಿಸಿದರೆ 23.56 ಚಿಲ್ಲರೆ ಬರುತ್ತದೆ. ಅದರಿಂದ 12,000ವನ್ನು ಗುಣಿಸಿದರೆ 2,82,680. ಪಾಸ್‌ಬುಕ್ಕಿನಲ್ಲಿ ಇದಕ್ಕಿಂತ 1,480 ರೂಪಾಯಿ ಹೆಚ್ಚಿದೆ! ಏಪ್ರಿಲ್‌ನ ಒಳ್ಳೆಯ ರೇಟಿಗೆ ಎರಡರಷ್ಟು ದಿರ್ಹಮ್ ಹೋಗಿದ್ದನ್ನು ಈ ಸರಾಸರಿ ಗಣನೆಗೇ ತೆಗೆದುಕೊಳ್ಳಲಿಲ್ಲ. ಬಂದ ಒಟ್ಟು ರೂಪಾಯಿಯನ್ನು ಕಳಿಸಿದ ಒಟ್ಟು ದಿರ್ಹಮಿನಿಂದ ಭಾಗಿಸುವುದು ಸರಿಯಾದ ಕ್ರಮ. 2,84,160 ಭಾಗ 12,000, ಅಂದರೆ 23.68. ನಾಲ್ಕು ತಿಂಗಳಲ್ಲಿ ಈ ಮನೆಗೆ ಸಿಕ್ಕ ನಿಜವಾದ ರೇಟು ಇದು.

ಕಾದದ್ದು ಲಾಭವಾಯಿತೇ ಎಂದು ಹುಡುಗನನ್ನು ಕೇಳಿದರೆ ಹೌದೆನ್ನುತ್ತಾನೆ. ಮಾರ್ಚ್‌ನಲ್ಲಿ ಕೌಂಟರಿನ ರೇಟು 23.70 ಇತ್ತು ಎಂದಿಟ್ಟುಕೊಳ್ಳಿ. 3,000 ದಿರ್ಹಮಿಗೆ 35 ಪೈಸೆಯಂತೆ 1,050 ರೂಪಾಯಿ ಹೆಚ್ಚು ಬಂತು, ಒಂದು ಸಲದ ಶುಲ್ಕ 21 ದಿರ್ಹಮ್ ಉಳಿಯಿತು. ಆದರೆ ಆ ತಿಂಗಳು ಮನೆಯಲ್ಲಿ ಕೈ ಕಟ್ಟಿಹೋಗಿ ಅಮ್ಮ ಸೊಸೈಟಿಯಲ್ಲಿ ಬಂಗಾರ ಅಡವಿಟ್ಟು 70,000 ತಂದಿದ್ದರೆ, ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿಯಂತೆ 700 ಅಲ್ಲೇ ಹೋಯಿತು. ರೇಟು ಏರುವ ಬದಲು ಇಳಿದಿದ್ದರೆ ಎರಡೂ ಕಡೆ ಪೆಟ್ಟು. ಕಾಯುವುದು ಬೇಡವೆಂದಲ್ಲ. ಆದರೆ ಆ ಬಡ್ಡಿಯನ್ನೂ ಇದೇ ಪುಸ್ತಕದಲ್ಲಿ ಬರೆದಿಟ್ಟರೆ ಕಾದದ್ದರ ಬೆಲೆ ಕಾಣುತ್ತದೆ.

ಇಷ್ಟೆಲ್ಲ ಕೂಡಿಬಂದದ್ದು ಹುಡುಗ ಎಕ್ಸ್‌ಚೇಂಜ್ ಮೂಲಕ ರೂಪಾಯಿಯಲ್ಲಿ ಕಳಿಸಿದ್ದರಿಂದ. ಅಲ್ಲಿ ರಸೀದಿಯಲ್ಲೇ ರೂಪಾಯಿ ಮೊತ್ತ ಅಚ್ಚಾಗಿರುತ್ತದೆ. 69,600 ಎಂದಿದ್ದರೆ ಖಾತೆಗೂ 69,600 ಬೀಳಬೇಕು, ಒಂದು ರೂಪಾಯಿ ಕಡಿಮೆಯಾದರೂ ಕೇಳಬೇಕಾದ್ದೇ. ಬ್ಯಾಂಕಿನಿಂದ ಡಾಲರಿನಲ್ಲಿ ಕಳಿಸಿದಾಗ ರಸೀದಿಯಲ್ಲಿ ರೂಪಾಯಿ ಇರುವುದೇ ಇಲ್ಲ. ದಿರ್ಹಮ್ ಮೊದಲು ಡಾಲರಾಗುತ್ತದೆ, ದಾರಿಯಲ್ಲಿರುವ ಇನ್ನೊಂದು ಬ್ಯಾಂಕು ತನ್ನ ಶುಲ್ಕ ಮುರಿದುಕೊಳ್ಳಬಹುದು, ಊರಿನ ಬ್ಯಾಂಕು ತನ್ನ ಟಿಟಿ ಕೊಳ್ಳುವ ದರದಲ್ಲಿ ಅದನ್ನು ರೂಪಾಯಿ ಮಾಡುತ್ತದೆ, ಆ ಪರಿವರ್ತನೆಯ ಮೇಲೆ ಜಿಎಸ್‌ಟಿ ಹಿಡಿಯುತ್ತದೆ. ಒಂದು ಲಕ್ಷದವರೆಗೆ ಮೊತ್ತದ ಶೇ. 1ನ್ನು ಸೇವೆಯ ಬೆಲೆ ಎಂದು ಎಣಿಸಿ ಅದರ ಮೇಲೆ ಶೇ. 18 ಹಾಕುತ್ತಾರೆ. 70,000ಕ್ಕೆ 126 ರೂಪಾಯಿ. ಎಷ್ಟೇ ಸಣ್ಣ ಮೊತ್ತವಾದರೂ 45 ರೂಪಾಯಿಗಿಂತ ಕಡಿಮೆ ಇಲ್ಲ.

ಯಾವ ಕೈ ಎಷ್ಟು ಮುರಿಯಿತು ಎಂದು ಗುರುತಿಸಲು ಎರಡು ಮೂರು ತಿಂಗಳ ವ್ಯತ್ಯಾಸಗಳನ್ನು ಪಕ್ಕಪಕ್ಕ ಇಡಬೇಕು. ಕಳಿಸಿದ ಮೊತ್ತ ಹೆಚ್ಚುಕಡಿಮೆಯಾದರೂ ಕೊರತೆ ಅಷ್ಟೇ ಇದ್ದರೆ ಅದು ಯಾವುದೋ ಬ್ಯಾಂಕಿನ ಗೊತ್ತುಪಡಿಸಿದ ಶುಲ್ಕ. ಮೊತ್ತ ಎರಡರಷ್ಟಾದಾಗ ಕೊರತೆಯೂ ಎರಡರಷ್ಟಾದರೆ ರೇಟಿನಲ್ಲಿ ಮುರಿದಿದ್ದಾರೆ. ಒಂದು ತಿಂಗಳು ಇಡೀ ಮೊತ್ತವೇ ಕಾಣದಿದ್ದರೆ ಗಾಬರಿಯಾಗುವ ಮುಂಚೆ ಪಾಸ್‌ಬುಕ್ಕಿನ ಮುಂದಿನ ಪುಟ ನೋಡಬೇಕು. 31ರ ರಾತ್ರಿ ಕಳಿಸಿದ್ದು 1ನೇ ತಾರೀಖಿಗೆ ಜಮಾ ಆಗಿರುತ್ತದೆ. ವಾರದ ಕೊನೆಗೆ ಮಾರುಕಟ್ಟೆ ಮುಚ್ಚಿರುವುದರಿಂದ ಶನಿವಾರ, ಭಾನುವಾರ ಕಳಿಸಿದವರಿಗೆ ರೇಟು ತುಸು ಬಿಗಿಯಾಗಿಯೂ ಸಿಗಬಹುದು. ಅದಕ್ಕೇ ಹೊಂದಿಸುವಾಗ ತಿಂಗಳಿಗೆ ತಿಂಗಳನ್ನು ಹೊಂದಿಸದೆ, ರಸೀದಿಯ ಉಲ್ಲೇಖ ಸಂಖ್ಯೆಗೆ ಪಾಸ್‌ಬುಕ್ಕಿನ ಸಾಲನ್ನು ಹೊಂದಿಸಬೇಕು. ಎಕ್ಸ್‌ಚೇಂಜಿನಿಂದ ಬಂದ ಹಣ ಸಾಮಾನ್ಯವಾಗಿ ನೆಫ್ಟ್ ಇಲ್ಲವೇ ಐಎಂಪಿಎಸ್ ಎಂದು ಬಿದ್ದಿರುತ್ತದೆ. ಆ ಸಾಲಿನ ಯುಟಿಆರ್ ಸಂಖ್ಯೆಯನ್ನು ಹುಡುಗ ರಸೀದಿಯ ಫೋಟೋದ ಜೊತೆ ವಾಟ್ಸ್ಯಾಪ್ ಮಾಡಿಬಿಟ್ಟರೆ ಅಮ್ಮನಿಗೆ ಬ್ಯಾಂಕಿನಲ್ಲಿ ಕೇಳಲು ಅಷ್ಟೇ ಸಾಕು. ಡಾಲರಿನಲ್ಲಿ ಬಂದದ್ದಾದರೆ ಶಾಖೆಯಲ್ಲಿ ವಿದೇಶಿ ಹಣ ಜಮಾ ಆದ ವಿವರದ ಪತ್ರ ಕೇಳಿ ಪಡೆಯಬಹುದು. ಎಷ್ಟು ಡಾಲರ್ ಬಂತು, ಯಾವ ದರ ಹಾಕಿದರು, ಎಷ್ಟು ಹಿಡಿದರು ಎಂಬುದು ಅದರಲ್ಲಿರುತ್ತದೆ.