ಮಧ್ಯಾಹ್ನ ಹನ್ನೆರಡೂವರೆಗೆ ದಿನ ಬದಲಾಗುತ್ತದೆ

ಜೂನ್ ತಿಂಗಳ ಒಂದು ಶನಿವಾರ ಸಂಜೆ 6ಕ್ಕೆ ಯಕ್ಷಗಾನದ ಚಾನೆಲ್ಲೊಂದು ಹೊಸ ವಿಡಿಯೊ ಹಾಕಿತು ಎನ್ನಿ. ಚಾನೆಲ್ ನೋಡಿಕೊಳ್ಳುವ ಹುಡುಗನ ಬಳಿ ಒಂದು ಪುಟ್ಟ ಪ್ರೋಗ್ರಾಂ ಇದೆ. ಅದು ಗಂಟೆಗೊಮ್ಮೆ ಯೂಟ್ಯೂಬ್‌ನ ಡೇಟಾ ಎಪಿಐಯನ್ನು, ಅಂದರೆ ಪ್ರೋಗ್ರಾಂಗಳಿಗೆಂದೇ ತೆರೆದಿಟ್ಟ ಮಾಹಿತಿ ಕಿಂಡಿಯನ್ನು, ಕೇಳಿ ವೀಕ್ಷಣೆಯ ಸಂಖ್ಯೆ ಬರೆದಿಡುತ್ತದೆ. ಕೆಲವು ದಿನ ಬಿಟ್ಟು ನೋಡಿದರೆ, ಶನಿವಾರದ ಲೆಕ್ಕ ಸ್ಟುಡಿಯೊ ಪುಟದಲ್ಲಿ ಅವನದಕ್ಕಿಂತ ಎಷ್ಟೋ ಹೆಚ್ಚು.

ಯಾರ ಲೆಕ್ಕವೂ ತಪ್ಪಿಲ್ಲ. ಎಪಿಐ ಕೊಡುವ `viewCount` ಆ ಕ್ಷಣದವರೆಗಿನ ಒಟ್ಟು ಮೊತ್ತ. ದಿನವಾರು ಲೆಕ್ಕ ಬೇಕಾದರೆ ನಾವೇ ಕಳೆಯಬೇಕು. ಹುಡುಗ ನಮ್ಮ ಮಧ್ಯರಾತ್ರಿಗೆ ಕಳೆದ, ಅವನಿಗೆ ಸಿಕ್ಕಿದ್ದು 6 ಗಂಟೆಯ ವೀಕ್ಷಣೆ. ಸ್ಟುಡಿಯೊದ ದಿನ ನಡೆಯುವುದು ಅಮೆರಿಕದ ಪೆಸಿಫಿಕ್ ಸಮಯದಲ್ಲಿ. ಅಲ್ಲಿನ ಶನಿವಾರ ಮುಗಿಯುವಾಗ ನಮ್ಮಲ್ಲಿ ಭಾನುವಾರ ಮಧ್ಯಾಹ್ನ 12.30. ಹಾಗಾಗಿ ಆ ಶನಿವಾರದೊಳಗೆ ಹದಿನೆಂಟೂವರೆ ಗಂಟೆಯ ವೀಕ್ಷಣೆ ಸೇರಿತ್ತು.

ಇನ್ನೊಂದು ಕಾರಣ ಜರಡಿ. ಬಾಟ್‌ಗಳ ನೋಟವನ್ನು ಯೂಟ್ಯೂಬ್ ಸೋಸಿ ತೆಗೆಯುತ್ತದೆ, ಅದಕ್ಕೆ ಸಮಯ ಬೇಕು. ಸ್ಟುಡಿಯೊದ 48 ಗಂಟೆಯ ರಿಯಲ್‌ಟೈಮ್ ಅಂಕಿ ಬರೀ ಅಂದಾಜು. ದಿನವಾರು ನಕ್ಷೆ ತಡವಾಗಿ ತುಂಬುತ್ತದೆ. ಒಮ್ಮೆ ಎಣಿಸಿದ್ದನ್ನೂ ಆಮೇಲೆ ತೆಗೆಯುವುದುಂಟು. ಕಳೆದಾಗ ಋಣಸಂಖ್ಯೆ ಬಂದರೆ ಪ್ರೋಗ್ರಾಂ ಕೆಟ್ಟಿದೆ ಎಂದು ಗಾಬರಿಯಾಗಬೇಕಿಲ್ಲ.

ಇಷ್ಟರಲ್ಲಿ ಹುಡುಗನಿಗೆ ಎರಡನೇ ಪೆಟ್ಟು. ರಾತ್ರಿ ಹನ್ನೆರಡೂವರೆಗೆ ಪ್ರೋಗ್ರಾಂ `quotaExceeded` ಎಂದು ನಿಂತಿದೆ. ಒಂದು ಪ್ರಾಜೆಕ್ಟಿಗೆ ದಿನಕ್ಕೆ ಸಾಮಾನ್ಯವಾಗಿ ಸಿಗುವುದು 10,000 ಯೂನಿಟ್. ಎಷ್ಟು ಸಲ ಕೇಳಿದಿರಿ ಎನ್ನುವುದಕ್ಕಿಂತ ಏನು ಕೇಳಿದಿರಿ ಎನ್ನುವುದರ ಮೇಲೆ ಅದು ಕರಗುತ್ತದೆ. ಹುಡುಗ ಚಾನೆಲ್ಲಿನ 400 ವಿಡಿಯೊಗಳ ಪಟ್ಟಿಯನ್ನು ಪ್ರತಿ ಗಂಟೆಗೂ `search.list` ಮೂಲಕ ಹುಡುಕುತ್ತಿದ್ದ. ಪುಟಕ್ಕೆ 50ರಂತೆ ಎಂಟು ಪುಟ, ಪುಟಕ್ಕೆ 100 ಯೂನಿಟ್: 800. ವೀಕ್ಷಣೆ ಕೇಳುವ `videos.list` ಐವತ್ತು ವಿಡಿಯೊಗೆ ಒಂದೇ ಯೂನಿಟ್, ಹಾಗಾಗಿ ಇನ್ನೆಂಟು. ಮಧ್ಯಾಹ್ನ 12.30ರಿಂದ ಹನ್ನೆರಡು ಸುತ್ತಿಗೆ 9,696 ಖರ್ಚಾಯಿತು. ಹದಿಮೂರನೇ ಸುತ್ತಿನಲ್ಲಿ ಮೂರು ಪುಟ ಬಂತು, ನಾಲ್ಕನೆಯದಕ್ಕೆ ಉಳಿದಿದ್ದು ಬರೀ 4 ಯೂನಿಟ್.

ಹುಡುಕುವ ಅಗತ್ಯವೇ ಇರಲಿಲ್ಲ. ಚಾನೆಲ್ ಹಾಕಿದ ವಿಡಿಯೊಗಳೆಲ್ಲ ಅದರ ಅಪ್‌ಲೋಡ್ ಪ್ಲೇಲಿಸ್ಟ್‌ನಲ್ಲಿ ತಾವಾಗಿಯೇ ಸೇರಿರುತ್ತವೆ. ಅದನ್ನು `playlistItems.list`ನಲ್ಲಿ ಕೇಳಿದರೆ ಪುಟಕ್ಕೆ ಒಂದೇ ಯೂನಿಟ್. ಆಗ ಸುತ್ತಿಗೆ 16, ಇಡೀ ದಿನಕ್ಕೆ 384. ಆ ರಾತ್ರಿಗೆ ಮಾತ್ರ ಪ್ರೋಗ್ರಾಂ ನಿಲ್ಲಿಸಿ ಮಲಗುವುದೇ ಸರಿ: ಹೊಸ ಯೂನಿಟ್ ಬರುವುದೂ ಪೆಸಿಫಿಕ್ ಮಧ್ಯರಾತ್ರಿಗೆ, ಅಂದರೆ ನಮ್ಮ ಮಧ್ಯಾಹ್ನ 12.30ಕ್ಕೆ. ಅಮೆರಿಕದ ಚಳಿಗಾಲದಲ್ಲಿ ಒಂದೂವರೆಗೆ.